18 ಮೀಟರ್ ಆಳದಲ್ಲಿ ಕೆಂಪು ಮೀನು ಕಂದು ಮೀನಾಗುತ್ತದೆ

ಡಿಸೆಂಬರ್ ರಜೆ ಮುಗಿಯುತ್ತಿದ್ದಂತೆ ದಾವಣಗೆರೆಯ ವಾಟ್ಸಾಪ್ ಗುಂಪುಗಳಿಗೆ ಸಮುದ್ರದೊಳಗಿನ ಫೋಟೋಗಳು ಬರತೊಡಗುತ್ತವೆ. ಮೊದಲೆಲ್ಲ ಅಂಡಮಾನ್‌ಗೆ ಹೋದವರು ಸೆಲ್ಯುಲಾರ್ ಜೈಲಿನ ಮುಂದೆ ನಿಂತ ಫೋಟೋ ಕಳಿಸುತ್ತಿದ್ದರು. ಈಗ ಹವಳದ ದಿಬ್ಬದ ಮೀನುಗಳದ್ದೂ ಕಳಿಸುತ್ತಾರೆ. ಅಷ್ಟು ದೂರ ಹೋಗಲಾಗದವರು ರಾತ್ರಿ ಹೊರಟು ಬೆಳಗ್ಗೆ ಮುರುಡೇಶ್ವರ ಸೇರಿ, ದೋಣಿ ಹತ್ತಿ ನೇತ್ರಾಣಿ ಪಕ್ಕ ಮುಳುಗಿ ಬರುತ್ತಾರೆ. ಫೋಟೋ ಕೆಳಗೆ ಒಂದೇ ಪ್ರಶ್ನೆ: ಇದು ಯಾವ ಮೀನು?

ಉತ್ತರವೂ ಬೇಗ ಬರುತ್ತದೆ. ಯಾರೋ ಒಬ್ಬರು ಮೀನಿನ ಪುಸ್ತಕ ತೆಗೆದು, ಫೋಟೋದಲ್ಲಿರುವ ಬಣ್ಣಕ್ಕೆ ಹೊಂದುವ ಚಿತ್ರ ಹುಡುಕಿ ಹೆಸರು ಹೇಳಿಬಿಡುತ್ತಾರೆ. ತಪ್ಪು ನಡೆಯುವುದೇ ಅಲ್ಲಿ. ಪುಸ್ತಕದ ಚಿತ್ರ ಹೆಚ್ಚಾಗಿ ಫ್ಲಾಶ್ ಹಾಕಿ ತೆಗೆದದ್ದು, ಇಲ್ಲವೇ ನೀರಿನಿಂದ ಹೊರಗೆ ತೆಗೆದ ಮೀನಿನದ್ದು. ನಮ್ಮವರ ಫೋಟೋ ಫ್ಲಾಶ್ ಇಲ್ಲದೆ, ಹದಿನೈದಿಪ್ಪತ್ತು ಮೀಟರ್ ನೀರಿನ ಕೆಳಗೆ ತೆಗೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಬಣ್ಣ ಹೋಲಿಸಿದರೆ ಮೀನನ್ನು ಹೋಲಿಸಿದಂತೆ ಆಗುವುದಿಲ್ಲ. ನಡುವೆ ಇದ್ದ ನೀರನ್ನು ಹೋಲಿಸಿದಂತೆ ಆಗುತ್ತದೆ.

ನಾನು ಇಲ್ಲಿ ಒಂದೇ ಒಂದು ಜೋಡಿ ಮೀನನ್ನು ಹಿಡಿದುಕೊಂಡು ಹೋಗುತ್ತೇನೆ, ಯಾಕಂದ್ರೆ ಈ ಗೊಂದಲ ಹೇಗೆ ಹುಟ್ಟುತ್ತದೆ ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಎರಡೂ ಗ್ರೂಪರ್ ಬಳಗದವು. ಒಂದರ ಹೆಸರು ಸೆಫಲೋಫೋಲಿಸ್ ಮಿನಿಯಾಟಾ. ಇಂಗ್ಲಿಷ್‌ನಲ್ಲಿ ಇದನ್ನು ಕೋರಲ್ ಹೈಂಡ್ ಅನ್ನುತ್ತಾರೆ. ಮೈಯೆಲ್ಲ ಕಿತ್ತಳೆ ಬೆರೆತ ಕಡುಗೆಂಪು, ಅದರ ಮೇಲೆ ಹೊಳೆಯುವ ಸಣ್ಣ ನೀಲಿ ಚುಕ್ಕಿಗಳು. ಇನ್ನೊಂದು ಸೆಫಲೋಫೋಲಿಸ್ ಆರ್ಗಸ್, ಅಂದರೆ ಪೀಕಾಕ್ ಹೈಂಡ್. ಇದರ ಮೈ ಗಾಢ ಕಂದು. ಅದರ ಮೇಲೂ ಸಣ್ಣ ನೀಲಿ ಚುಕ್ಕಿಗಳೇ, ಒಂದೊಂದರ ಸುತ್ತಲೂ ಕಪ್ಪು ಅಂಚು. ಎರಡೂ ಅಂಡಮಾನ್‌ನಲ್ಲಿವೆ, ಲಕ್ಷದ್ವೀಪದಲ್ಲೂ ಇವೆ. ಹಾಗಾಗಿ ಊರಿನ ಹೆಸರು ನೋಡಿ ಒಂದನ್ನು ಬಿಟ್ಟುಬಿಡೋಣ ಅಂದರೆ ಆಗುವುದಿಲ್ಲ. ದಂಡೆಯ ಮೇಲೆ ಇಟ್ಟು ನೋಡಿದರೆ ಚಿಕ್ಕ ಮಗುವೂ ಬೇರೆ ಬೇರೆ ಅಂತ ಹೇಳುತ್ತದೆ. ಕೆಳಗೆ ಹೋದಂತೆ ಎರಡೂ ಒಂದೇ ಆಗುತ್ತಾ ಹೋಗುತ್ತವೆ.

ಯಾಕೆ ಹೀಗೆ? ದಾವಣಗೆರೆಯಲ್ಲಿ ಸೀರೆ ಕೊಳ್ಳುವವರು ಅಂಗಡಿಯ ದೀಪ ನಂಬುವುದಿಲ್ಲ. ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುತ್ತಾರೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಸೀರೆ ತೋರಿಸಲಾರದು ಅಂತ ಅವರಿಗೆ ಗೊತ್ತು. ಮೀನಿನ ವಿಷಯವೂ ಇಷ್ಟೇ. ಮಿನಿಯಾಟಾ ಕೆಂಪಾಗಿ ಕಾಣಬೇಕಾದರೆ ಅದರ ಮೈ ಮೇಲೆ ಕೆಂಪು ಬೆಳಕು ಬೀಳಬೇಕು. ಸಮುದ್ರದ ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು.

ಎಷ್ಟು ನುಂಗುತ್ತದೆ ಅನ್ನುವುದನ್ನು ಲೆಕ್ಕ ಹಾಕಬಹುದು. ಪೂರ್ತಿ ಶುದ್ಧವಾದ ನೀರಿನಲ್ಲಿ ಒಂದು ಮೀಟರ್ ದಾಟುವಷ್ಟರಲ್ಲಿ ಕೆಂಪು ಬೆಳಕಿನ, ಅಂದರೆ 620 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕಿನ, ಕಾಲು ಭಾಗ ಹೋಗಿಬಿಡುತ್ತದೆ. ಮುಂದಿನ ಮೀಟರ್‌ನಲ್ಲಿ ಉಳಿದದ್ದರ ಕಾಲು ಭಾಗ. ಹೀಗೆ 5 ಮೀಟರ್ ಇಳಿದರೆ ಕೆಂಪು ನಾಲ್ಕನೇ ಒಂದು ಭಾಗಕ್ಕೆ ಬರುತ್ತದೆ. 10 ಮೀಟರ್‌ಗೆ ನೂರಕ್ಕೆ 6 ಉಳಿಯುತ್ತದೆ. 20 ಮೀಟರ್‌ಗೆ ನೂರಕ್ಕೆ ಅರ್ಧವೂ ಇಲ್ಲ. ಅದೇ 20 ಮೀಟರ್‌ನಲ್ಲಿ ಹಸಿರು ಬೆಳಕು ಸುಮಾರು ಮೂರರಲ್ಲಿ ಒಂದು ಭಾಗ ಉಳಿದಿರುತ್ತದೆ, ನೀಲಿ ನೂರಕ್ಕೆ 80ಕ್ಕಿಂತ ಜಾಸ್ತಿ. ಇದು ಶುದ್ಧ ನೀರಿನ ಲೆಕ್ಕ. ನಿಜವಾದ ಸಮುದ್ರದಲ್ಲಿ ಇದಕ್ಕಿಂತ ಕಡಿಮೆಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ಹಲವರು ಮರೆಯುವ ಒಂದು ಸಂಗತಿ ಇದೆ. ನೀರು ಮೇಲಿನಿಂದ ಕೆಳಗೆ ಮಾತ್ರ ಬೆಳಕು ನುಂಗುವುದಿಲ್ಲ. ಮೀನಿನಿಂದ ಕ್ಯಾಮೆರಾ ತನಕ ಅಡ್ಡಕ್ಕೆ ಬರುವಾಗಲೂ ಅಷ್ಟೇ ನುಂಗುತ್ತದೆ. 18 ಮೀಟರ್ ಆಳದಲ್ಲಿ ಮೀನು 2 ಮೀಟರ್ ದೂರ ಇದ್ದರೆ ಬೆಳಕು ದಾಟಿದ್ದು 20 ಮೀಟರ್ ನೀರು. ಆರು ಮೀಟರ್ ಆಳದಲ್ಲೇ ಇದ್ದು, ಆರು ಮೀಟರ್ ದೂರದ ಮೀನನ್ನು ಝೂಮ್ ಮಾಡಿ ತೆಗೆದರೆ 12 ಮೀಟರ್. "ಆಳ ಕಡಿಮೆ ಇತ್ತು, ಬಣ್ಣ ಸರಿಯಾಗೇ ಬಂದಿರುತ್ತೆ" ಅಂತ ಹೇಳುವ ಮೊದಲು ದೂರ ಕೇಳಬೇಕು. ಝೂಮ್ ಮಾಡಿದರೆ ಮೀನು ದೊಡ್ಡದಾಗಿ ಕಾಣುತ್ತದೆ, ನಡುವಿನ ನೀರೇನೂ ಕಡಿಮೆಯಾಗುವುದಿಲ್ಲ.

ಈಗ ನಮ್ಮ ಜೋಡಿಯನ್ನು ಈ 20 ಮೀಟರ್ ನೀರಿನ ಆಚೆ ಇಟ್ಟು ನೋಡಿ. ಮಿನಿಯಾಟಾದ ಮೈ ಕೆಂಪನ್ನು ಚೆನ್ನಾಗಿ ಹಿಂತಿರುಗಿಸುತ್ತದೆ, ಹಸಿರು ನೀಲಿಗಳನ್ನು ಬಹಳ ಕಡಿಮೆ. ಆರ್ಗಸ್‌ನ ಕಂದು ಮೈ ಯಾವ ಬಣ್ಣವನ್ನೂ ಹೆಚ್ಚು ಹಿಂತಿರುಗಿಸುವುದಿಲ್ಲ. ಅಂದರೆ ಹಸಿರು, ನೀಲಿ ಬೆಳಕಿನ ಮಟ್ಟಿಗೆ ಎರಡು ಮೀನೂ ಹೆಚ್ಚು ಕಡಿಮೆ ಒಂದೇ ಥರ, ಎರಡೂ ಗಾಢ. ಅವುಗಳ ವ್ಯತ್ಯಾಸ ಇದ್ದದ್ದೆಲ್ಲ ಕೆಂಪಿನಲ್ಲಿ. ಆ ಕೆಂಪನ್ನೇ ನೀರು ತೆಗೆದುಬಿಟ್ಟಿದೆ. ಉಳಿದದ್ದು ಕಪ್ಪುಗಂದು ಮೈ. ನೀಲಿ ಚುಕ್ಕಿಗಳ ಕಥೆ ಬೇರೆ. ಅಲ್ಲಿ ನೀಲಿ ಬೆಳಕು ಧಾರಾಳವಾಗಿದೆ, ಆದ್ದರಿಂದ ಚುಕ್ಕಿಗಳು ಇನ್ನೂ ಎದ್ದು ಕಾಣುತ್ತವೆ. ಗಾಢ ಕಂದು ಮೈ, ಅದರ ಮೇಲೆ ಹೊಳೆಯುವ ನೀಲಿ ಚುಕ್ಕಿ. ಪುಸ್ತಕದಲ್ಲಿ ಆರ್ಗಸ್ ಬಗ್ಗೆ ಬರೆದಿರುವುದೂ ಇದನ್ನೇ ಅಲ್ವಾ? ಹಾಗಾಗಿ ಈ ತಪ್ಪು ಗಡಿಬಿಡಿಯಿಂದ ಆಗುವಂಥದ್ದಲ್ಲ. ಫೋಟೋವನ್ನು ಎಚ್ಚರಿಕೆಯಿಂದ ನೋಡಿ, ಪುಸ್ತಕವನ್ನು ಎಚ್ಚರಿಕೆಯಿಂದ ಓದಿದವರೇ ಇಲ್ಲಿ ಎಡವುತ್ತಾರೆ.

"ನಾನು ಕಣ್ಣಾರೆ ನೋಡಿದೆ, ಕಂದೇ ಇತ್ತು" ಅಂತ ಮುಳುಗಿ ಬಂದವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಣ್ಣಿಗೂ ಅಲ್ಲಿ ಕೆಂಪು ಬೆಳಕು ಸಿಗುವುದಿಲ್ಲ. ಸುತ್ತಲಿನ ನೀಲಿಗೆ ಕಣ್ಣು ಸ್ವಲ್ಪ ಹೊಂದಿಕೊಳ್ಳುತ್ತದೆ, ಆದರೆ ಇಲ್ಲದ ಬೆಳಕನ್ನು ಹುಟ್ಟಿಸಲು ಅದಕ್ಕೂ ಆಗುವುದಿಲ್ಲ. ಆದ್ದರಿಂದ ಕಣ್ಣಿನ ಸಾಕ್ಷಿ ಫೋಟೋದ ತಪ್ಪನ್ನು ತಿದ್ದುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಹವಳದ ದಿಬ್ಬದಲ್ಲಿ ಇಷ್ಟೊಂದು ಕೆಂಪು ಮೀನುಗಳು ಇರುವುದಕ್ಕೂ ಇದಕ್ಕೂ ಸಂಬಂಧ ಇದೆ. ಆಳದಲ್ಲಿ ಕೆಂಪು ಮೈ ಗಾಢವಾಗಿ, ನೆರಳಿನಂತೆ ಕಾಣುವುದರಿಂದ ಅದು ಅಡಗಿಕೊಳ್ಳಲು ಒಳ್ಳೆಯದು.

ಈಗ ಒಂದು ಫೋಟೋವನ್ನೇ ತೆಗೆದುಕೊಳ್ಳೋಣ. ದಾವಣಗೆರೆಯ ಗೆಳೆಯರೊಬ್ಬರು ಅಂಡಮಾನ್‌ನಲ್ಲಿ ತೆಗೆದದ್ದು. ಬಂಡೆಯ ಪಕ್ಕ ಒಂದು ಗ್ರೂಪರ್, ಸ್ವಲ್ಪ ಓರೆಯಾಗಿ ನಿಂತಿದೆ. ಕೆಳಗೆ ಬಿಳಿ ಮರಳು. ಗುಂಪಿನಲ್ಲಿ ಎಲ್ಲರೂ ಪೀಕಾಕ್ ಹೈಂಡ್ ಅಂದರು. ಗೆಳೆಯರೂ ಒಪ್ಪಿ, ಜನ ತಾವು ಕಂಡ ಜೀವಿಗಳ ಫೋಟೋ ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಅದೇ ಹೆಸರಿನಲ್ಲಿ ಹಾಕುವವರಿದ್ದರು.

ನನ್ನ ಪ್ರಕಾರ ಮೀನು ನೋಡುವ ಮೊದಲು ಫೈಲ್ ನೋಡಬೇಕು. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ಕ್ಯಾಮೆರಾ ಬರೆದಿಟ್ಟ ವಿವರ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಕ್ಯಾಮೆರಾದ ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಬೇಕು. ಆ ಫೈಲ್ ಕಂಪ್ಯೂಟರ್‌ಗೆ ಬಂದ ಮೇಲೆ exiftool ಅನ್ನುವ ಸಾಫ್ಟ್‌ವೇರ್‌ನ ಈ ಒಂದು ಸಾಲು ಸಾಕು:

```
exiftool -DateTimeOriginal -Flash -WhiteBalance photo.jpg
```

ಫೋಟೋ ತೆಗೆದ ಹೊತ್ತು, ಫ್ಲಾಶ್ ಹೊಡೆದಿತ್ತೋ ಇಲ್ಲವೋ, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋನಲ್ಲಿತ್ತೋ ಇಲ್ಲವೋ, ಇಷ್ಟು ಗೊತ್ತಾಗುತ್ತದೆ. ಹೊತ್ತು ಯಾಕೆ ಬೇಕು ಅಂದರೆ, ಮುಳುಗುವವರ ಕೈಯಲ್ಲಿರುವ ಡೈವ್ ಕಂಪ್ಯೂಟರ್ ಯಾವ ನಿಮಿಷಕ್ಕೆ ಎಷ್ಟು ಆಳದಲ್ಲಿದ್ದರು ಅನ್ನುವುದನ್ನು ಬರೆದಿಟ್ಟುಕೊಳ್ಳುತ್ತದೆ. ಎರಡರ ಗಡಿಯಾರ ಹೊಂದಿಸಿ ನೋಡಿದರೆ ಫೋಟೋದ ಆಳ ಸಿಗುತ್ತದೆ. ಕ್ಯಾಮೆರಾ ಗಡಿಯಾರ ತಪ್ಪಾಗಿದ್ದರೂ ಚಿಂತೆ ಇಲ್ಲ. ದೋಣಿಯಿಂದ ನೀರಿಗೆ ಇಳಿದಾಗಿನ ಮೊದಲ ಫೋಟೋವನ್ನು ಡೈವ್ ಶುರುವಾದ ನಿಮಿಷಕ್ಕೆ ಹೊಂದಿಸಿದರೆ ಎಷ್ಟು ವ್ಯತ್ಯಾಸ ಇದೆ ಅಂತ ತಿಳಿಯುತ್ತದೆ. ನಮ್ಮ ಫೋಟೋಗೆ ಸಿಕ್ಕ ಆಳ 18 ಮೀಟರ್. ಫ್ಲಾಶ್ ಇಲ್ಲ. ಮೀನು ಸುಮಾರು ಎರಡು ಮೀಟರ್ ದೂರದಲ್ಲಿತ್ತು ಅಂತ ಗೆಳೆಯರ ನೆನಪು. ಇಷ್ಟು ತಿಳಿದ ಕೂಡಲೇ ಒಂದು ಮಾತು ನಿಶ್ಚಯವಾಗುತ್ತದೆ: ಮೈ ಕಂದಾಗಿ ಕಾಣುವುದಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ. ಕೆಂಪು ಮೀನಾದರೂ ಹಾಗೇ ಕಾಣುತ್ತಿತ್ತು, ಕಂದು ಮೀನಾದರೂ ಹಾಗೇ.

ಗೆಳೆಯರು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಕೊಟ್ಟಿದ್ದರು. ಸ್ಟುಡಿಯೋದ ಹುಡುಗ ಕಂಪ್ಯೂಟರ್ ಮುಂದೆ ಕೂತು, "ಸರ, ಭಾಳ ನೀಲಿ ಬಂದೈತಿ, ಸ್ವಲ್ಪ ಕೆಂಪು ಹಾಕಿ ಕೊಡ್ಲೇನ್ರಿ?" ಅಂದ. ಹಾಕಿಯೂ ತೋರಿಸಿದ. ಒಂದೇ ಕ್ಲಿಕ್‌ಗೆ ಮೀನು ಕೆಂಪಾಯಿತು. ಹಾಗಾದರೆ ಮಿನಿಯಾಟಾ ಅಂತ ಸಾಬೀತಾಯಿತಾ? ಇಲ್ಲ. ಪಕ್ಕದ ಬಂಡೆಯ ನೆರಳೂ ಕೆಂಪಾಗಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದ್ರೆ ಈಗಿನ ಹೆಚ್ಚಿನ ತಪ್ಪುಗಳು ಈ ದಾರಿಯಲ್ಲಿ ಬರುತ್ತವೆ. ಕಂಪ್ಯೂಟರ್ ಫೋಟೋದ ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇಟ್ಟುಕೊಂಡಿರುತ್ತದೆ. ಒಂದೊಂದೂ 0ಯಿಂದ 255ರೊಳಗೆ. ತಿದ್ದದ ಫೋಟೋದಲ್ಲಿ ಮೀನಿನ ಮೈ ಮೇಲೆ ಕೆಂಪು ಅಂಕಿ 6ರ ಆಸುಪಾಸು ಇತ್ತು. ಬಂಡೆಯ ನೆರಳಿನಲ್ಲಿ 5. ಹಸಿರು, ನೀಲಿ ಅಂಕಿಗಳು ಮಾತ್ರ ಇದರ ಆರೇಳು ಪಟ್ಟು. ತಿದ್ದುವ ಗುಂಡಿ ಒತ್ತಿದಾಗ ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಕೆಂಪಿನ ಅಂಕಿಗಳನ್ನು ದೊಡ್ಡ ಸಂಖ್ಯೆಯಿಂದ ಗುಣಿಸುತ್ತದೆ. 6 ಇದ್ದದ್ದು 90 ಆಗುತ್ತದೆ, 5 ಇದ್ದದ್ದು 75 ಆಗುತ್ತದೆ. ಆದರೆ ಕತ್ತಲಿನಲ್ಲಿ ಕ್ಯಾಮೆರಾದ ಅಂಕಿ ಒಂದೆರಡು ಹೆಚ್ಚು ಕಡಿಮೆ ಆಗುವುದು ಸಹಜ. 6 ಅನ್ನುವುದು 4 ಆಗಬಹುದಿತ್ತು, 8 ಆಗಬಹುದಿತ್ತು. ಮೀನಿನ ಕೆಂಪಿಗೂ ನೆರಳಿನ ಕೆಂಪಿಗೂ ಇರುವ ವ್ಯತ್ಯಾಸಕ್ಕಿಂತ ಈ ಅಲುಗಾಟವೇ ದೊಡ್ಡದು. ಗುಣಿಸಿದಾಗ ಅದೂ ದೊಡ್ಡದಾಗುತ್ತದೆ.

ಇನ್ನೂ ಒಂದು ತೊಡಕಿದೆ. ಕ್ಯಾಮೆರಾದ ಸೆನ್ಸರ್‌ನಲ್ಲಿ ಕೆಂಪಿಗೆ ಅಂತ ಇಟ್ಟಿರುವ ಫಿಲ್ಟರ್ ಕೆಂಪನ್ನು ಮಾತ್ರ ಬಿಡುವುದಿಲ್ಲ. ಸ್ವಲ್ಪ ಹಸಿರೂ ಅದರೊಳಗೆ ನುಸುಳುತ್ತದೆ. ದಂಡೆಯ ಮೇಲೆ ಇದರಿಂದ ತೊಂದರೆ ಇಲ್ಲ, ಕ್ಯಾಮೆರಾ ಅದನ್ನು ಸರಿದೂಗಿಸುತ್ತದೆ. ಆದರೆ ನಿಜವಾದ ಕೆಂಪು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ ಉಳಿದಿರುವ ಕಡೆ, ಕೆಂಪಿನ ಲೆಕ್ಕದಲ್ಲಿ ಬರೆದಿರುವ ಬೆಳಕಿನಲ್ಲಿ ಬಹುಪಾಲು ಈ ನುಸುಳಿದ ಹಸಿರೇ ಆಗಿರುತ್ತದೆ. ಅದನ್ನು ಗುಣಿಸಿದರೆ ಹಸಿರಿನ ನಕಲಿಗೆ ಕೆಂಪು ಬಣ್ಣ ಬಳಿದಂತೆ ಆಗುತ್ತದೆಯೇ ಹೊರತು ಮೀನಿನ ಕೆಂಪು ಬರುವುದಿಲ್ಲ.

ಹಾಗಾಗಿ ತಿದ್ದಿದ ಫೋಟೋಗಳಲ್ಲಿ ತಪ್ಪು ಎದುರು ದಿಕ್ಕಿಗೆ ಹೊರಳುತ್ತದೆ. ನಿಜವಾದ ಆರ್ಗಸ್ ಕೆಂಪಾಗಿ, ಮಿನಿಯಾಟಾ ಅನ್ನಿಸಿಕೊಳ್ಳುತ್ತದೆ. ಇಂಥ ಫೋಟೋವನ್ನು ಗುರುತಿಸುವುದು ಕಷ್ಟವಲ್ಲ. ಮೀನು ಬಿಟ್ಟು ಸುತ್ತ ನೋಡಿ. ಮರಳು ನಸುಗೆಂಪಾಗಿದೆಯಾ? ಹಿಂದಿನ ನೀರು ನೇರಳೆಗೆ ತಿರುಗಿದೆಯಾ? ಮೀನಿನ ಹೊಟ್ಟೆಯ ಕೆಳಗಿನ ನೆರಳನ್ನು ದೊಡ್ಡದು ಮಾಡಿದರೆ ಕೆಂಪು ಪುಡಿ ಎರಚಿದಂತೆ ಕಾಣುತ್ತದಾ? ಇವುಗಳಲ್ಲಿ ಒಂದು ಇದ್ದರೂ ಆ ಕೆಂಪು ಸಾಫ್ಟ್‌ವೇರ್‌ನದ್ದು. ಹತ್ತಿರದ ಬಂಡೆ ಗುಲಾಬಿ, ದೂರದ ಬಂಡೆ ಇನ್ನೂ ನೀಲಿ ಇದ್ದರೂ ಅದೇ ಸುಳಿವು. ದೂರ ಬದಲಾದಂತೆ ತಿದ್ದುಪಡಿಯೂ ಬದಲಾಗಬೇಕಿತ್ತು, ಸಾಫ್ಟ್‌ವೇರ್ ಇಡೀ ಫೋಟೋಗೆ ಒಂದೇ ಅಳತೆ ಹಾಕಿದೆ.

ದೂರಕ್ಕೆ ತಕ್ಕಂತೆ ತಿದ್ದುವ ವಿಧಾನ ಇಲ್ಲವೇ ಅಂದರೆ, ಇದೆ. ಡೆರ್ಯಾ ಅಕ್ಕಾಯ್ನಾಕ್ ಮತ್ತು ತಾಲಿ ಟ್ರೈಬಿಟ್ಸ್ 2019ರಲ್ಲಿ ಸೀ-ಥ್ರೂ ಅನ್ನುವ ವಿಧಾನ ಪ್ರಕಟಿಸಿದರು. ಒಂದೇ ಜಾಗದ ಹಲವು ಫೋಟೋಗಳಿಂದ, ಚಿತ್ರದ ಪ್ರತಿ ಚುಕ್ಕೆಯೂ ಕ್ಯಾಮೆರಾದಿಂದ ಎಷ್ಟು ದೂರ ಇದೆ ಅಂತ ಮೊದಲು ಲೆಕ್ಕ ಹಾಕುತ್ತಾರೆ. ಆಮೇಲೆ ನಡುವಿನ ನೀರು ಚದುರಿಸಿ ಸೇರಿಸಿದ ಮಬ್ಬನ್ನು ಕಳೆದು, ನುಂಗಿದ ಬಣ್ಣವನ್ನು ದೂರಕ್ಕೆ ತಕ್ಕಷ್ಟು ಕೂಡಿಸುತ್ತಾರೆ. ಹವಳ, ಬಂಡೆಯಂಥ ಅಲುಗಾಡದ ವಸ್ತುಗಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಒಂದು ಕ್ಷಣ ನಿಂತು ಹೊರಟುಹೋದ ಮೀನಿನ ಒಂಟಿ ಫೋಟೋಗೆ ದೂರದ ಲೆಕ್ಕ ಎಲ್ಲಿಂದ ತರುವುದು? ನಮ್ಮ ಗೆಳೆಯರ ಫೋಟೋ ಅಂಥದ್ದೇ.

ಹಾಗಾದರೆ ಈ ಮೀನಿಗೆ ಹೆಸರು ಹೇಳುವುದು ಹೇಗೆ? ಬಣ್ಣ ಕೈಬಿಟ್ಟು, ತಿಳಿ ಎಲ್ಲಿದೆ ಗಾಢ ಎಲ್ಲಿದೆ ಅನ್ನುವುದನ್ನು ನೋಡಬೇಕು. ನಾನು ಫೋಟೋವನ್ನು ಕಪ್ಪು ಬಿಳುಪಿಗೆ ಬದಲಾಯಿಸಿಯೇ ನೋಡುತ್ತೇನೆ. ಸುಳ್ಳು ಹೇಳುವ ಬಣ್ಣ ಕಣ್ಣ ಮುಂದಿನಿಂದ ಸರಿದರೆ ಮೀನಿನ ವಿನ್ಯಾಸ ಚೆನ್ನಾಗಿ ಕಾಣುತ್ತದೆ.

ಮೊದಲು ಆಕಾರ. ಬಾಲದ ಅಂಚು ದುಂಡಗಿದೆ. ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ 9 ಮುಳ್ಳುಗಳಿವೆ. ದೊಡ್ಡದು ಮಾಡಿದರೆ ಎಣಿಸಬಹುದು. ಇವೆರಡೂ ಸೆಫಲೋಫೋಲಿಸ್ ಕುಲಕ್ಕೆ ಹೊಂದುತ್ತವೆ. ಇದೇ ಥರ ನೀಲಿ ಚುಕ್ಕಿ ಇರುವ ಪ್ಲೆಕ್ಟ್ರೋಪೋಮಸ್ ಕುಲದ ಮೀನುಗಳಿಗೆ ಮುಳ್ಳು ಕಡಿಮೆ, ಬಾಲದ ಅಂಚು ದುಂಡಗಿರದೆ ನಡುವೆ ಒಳಕ್ಕೆ ಬಾಗಿರುತ್ತದೆ. ಅವು ಇಲ್ಲಿಗೇ ಬಿದ್ದುಹೋದವು. ಆಳ ಎಷ್ಟೇ ಇರಲಿ, ಮುಳ್ಳಿನ ಲೆಕ್ಕ ಬದಲಾಗುವುದಿಲ್ಲ.

ಆಮೇಲೆ ಎದೆ. ಆರ್ಗಸ್‌ನ ಎದೆಯ ಕೆಳಭಾಗದಲ್ಲಿ ಮೈಗಿಂತ ತಿಳಿಯಾದ ದೊಡ್ಡ ಮಚ್ಚೆ ಇರುತ್ತದೆ. ಮೈಯ ಹಿಂಭಾಗದಲ್ಲಿ ಹಲವು ಸಲ ಐದಾರು ತಿಳಿ ಪಟ್ಟಿಗಳು ಮೇಲಿಂದ ಕೆಳಕ್ಕೆ ಇರುತ್ತವೆ. ಇವು ತಿಳಿ ಗಾಢದ ವ್ಯತ್ಯಾಸ. ಹಸಿರು ನೀಲಿ ಬೆಳಕು ಇರುವ ತನಕ ಕಾಣಲೇಬೇಕು. ನಮ್ಮ ಫೋಟೋದಲ್ಲಿ ಎರಡೂ ಇಲ್ಲ. ಇದರಿಂದ ಆರ್ಗಸ್ ಅನ್ನುವ ಮಾತು ಸಡಿಲಾಗುತ್ತದೆ. ಪೂರ್ತಿ ಬಿದ್ದುಹೋಗುವುದಿಲ್ಲ, ಯಾಕಂದ್ರೆ ಗ್ರೂಪರ್‌ಗಳು ಮೈಯ ಛಾಯೆಯನ್ನು ನೋಡನೋಡುತ್ತಲೇ ಬದಲಿಸುತ್ತವೆ. ಪಟ್ಟಿ ಮರೆಸಿಕೊಂಡ ಆರ್ಗಸ್ ಇರಬಹುದು. ಪಟ್ಟಿ ಕಂಡರೆ ಒಳ್ಳೆಯ ಸಾಕ್ಷಿ, ಕಾಣದಿದ್ದರೆ ಅರ್ಧ ಸಾಕ್ಷಿ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸುವುದು ಎದೆಯ ಪಕ್ಕದ ಈಜುರೆಕ್ಕೆ. ಮಿನಿಯಾಟಾದಲ್ಲಿ ಇದರ ಹೊರಭಾಗ ಕಿತ್ತಳೆ ಹಳದಿ. ಆರ್ಗಸ್‌ನಲ್ಲಿ ಅದೇ ಭಾಗ ಕೆಂಪುಗಂದು, ಗಾಢ. ಹಳದಿ ಹೇಗೆ ಕಾಣುತ್ತದೆ ಅನ್ನುವುದು ಕೆಂಪಿನಂತಲ್ಲ. ಹಳದಿ ವಸ್ತು ಕೆಂಪಿನ ಜೊತೆಗೆ ಹಸಿರು ಬೆಳಕನ್ನೂ ಹಿಂತಿರುಗಿಸುತ್ತದೆ, ಹಸಿರು 20 ಮೀಟರ್ ನೀರು ದಾಟಿಯೂ ಉಳಿದಿದೆ. ಆದ್ದರಿಂದ ಮಿನಿಯಾಟಾದ ಆ ರೆಕ್ಕೆ ಆಳದಲ್ಲಿ ಹಳದಿಯಾಗಿ ಕಾಣದಿದ್ದರೂ ಮೈಗಿಂತ ತಿಳಿಯಾಗಿ, ಸ್ವಲ್ಪ ಹಸಿರಾಗಿ ಕಾಣುತ್ತದೆ. ಆರ್ಗಸ್‌ನದ್ದು ಮೈಯಷ್ಟೇ ಗಾಢವಾಗಿ ಉಳಿಯುತ್ತದೆ. ನಮ್ಮ ಫೋಟೋದ ಮೀನು ಓರೆಯಾಗಿ ನಿಂತಿತ್ತಲ್ಲ, ಒಂದು ರೆಕ್ಕೆ ಗಾಢ ಮೈಯ ಎದುರು ಹರಡಿಕೊಂಡಿದೆ. ಅದರ ಹೊರಭಾಗ ಸ್ಪಷ್ಟವಾಗಿ ತಿಳಿ. ಅಳೆದು ನೋಡಿದರೆ ಅಲ್ಲಿ ಹಸಿರಿನ ಅಂಕಿ ಮೈಯದ್ದಕ್ಕಿಂತ ಸುಮಾರು ಎರಡು ಪಟ್ಟು, ನೀಲಿಯ ಅಂಕಿ ಮಾತ್ರ ಹೆಚ್ಚೇನೂ ಏರಿಲ್ಲ. ಬಿಳಿ ರೆಕ್ಕೆಯಾಗಿದ್ದರೆ ಎರಡೂ ಏರುತ್ತಿದ್ದವು. ಹಸಿರು ಮಾತ್ರ ಏರಿದೆ ಅಂದರೆ ಅದು ಹಳದಿ ಕಡೆಯ ಬಣ್ಣ.

ಚುಕ್ಕಿಗಳ ಸುತ್ತಲಿನ ಕಪ್ಪು ಅಂಚನ್ನು ಬಹಳ ಜನ ನೆಚ್ಚಿಕೊಳ್ಳುತ್ತಾರೆ. ಈ ಆಳದಲ್ಲಿ ನೆಚ್ಚಬಾರದು. ಮೈಯೇ ಕಪ್ಪಾಗಿ ಕಾಣುವಾಗ ಅದರ ಮೇಲಿನ ಕಪ್ಪು ಅಂಚು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅದರ ಮೇಲೆ, ಕ್ಯಾಮೆರಾ ತಾನೇ ಫೋಟೋವನ್ನು ಚೂಪು ಮಾಡುವಾಗ ಹೊಳೆಯುವ ಚುಕ್ಕಿಯ ಸುತ್ತ ಒಂದು ಗಾಢ ಗೆರೆ ಸೇರಿಸುತ್ತದೆ. ಇಲ್ಲದ ಅಂಚು ಹೀಗೂ ಹುಟ್ಟುತ್ತದೆ.

ರೆಕ್ಕೆಯ ಸಾಕ್ಷಿ ಮಿನಿಯಾಟಾ ಕಡೆ ವಾಲುತ್ತಿತ್ತು. ಖಾತ್ರಿಯಾದದ್ದು ಅದೇ ಡೈವ್‌ನ ಇನ್ನೊಂದು ಫೋಟೋದಿಂದ. ಅದು ಅಲುಗಿದೆ ಅಂತ ಗೆಳೆಯರು ಪಕ್ಕಕ್ಕೆ ಇಟ್ಟಿದ್ದರು. ಜೊತೆಯಲ್ಲಿದ್ದ ಗೈಡ್ ಬಂಡೆಯ ಸಂದಿಗೆ ಟಾರ್ಚ್ ಬಿಟ್ಟಾಗ ಅದೇ ಮೀನಿನ ತಲೆಯ ಮೇಲೆ ಬೆಳಕು ಬಿದ್ದಿದೆ. ಕೆನ್ನೆ ಕಿತ್ತಳೆಗೆಂಪು, ಬೆಳಕು ತಲುಪದ ಬಾಲ ಮೊದಲಿನಂತೆ ಕಂದು. ಒಂದೇ ಮೀನು, ಎರಡು ಬಣ್ಣ. ಹೀಗೆ ಅರ್ಧ ಬೆಳಕು ಬಿದ್ದ ಫೋಟೋ ಸಿಕ್ಕರೆ ಎಸೆಯಬೇಡಿ. ಮೀನು ಕೆಟ್ಟದಾಗಿ ಬಂದಿರಬಹುದು, ಆದರೆ ನೀರು ಮಾಡಿದ ಮೋಸ ಮತ್ತು ಮೀನಿನ ನಿಜವಾದ ಬಣ್ಣ ಎರಡೂ ಒಂದೇ ಚಿತ್ರದಲ್ಲಿ ಇರುತ್ತವೆ.

ಫ್ಲಾಶ್ ಇದ್ದರೆ ಎಲ್ಲ ಸರಿ ಅನ್ನುವ ನಂಬಿಕೆಯೂ ಇದೆ. ಫ್ಲಾಶ್‌ನ ಬೆಳಕು ಮೀನಿಗೆ ಹೋಗಿ ವಾಪಸ್ ಬರಬೇಕು, ಅಂದರೆ ದೂರದ ಎರಡು ಪಟ್ಟು ನೀರು ದಾಟಬೇಕು. ಅರ್ಧ ಮೀಟರ್‌ನಲ್ಲಿರುವ ಮೀನಿಗೆ ಒಂದು ಮೀಟರ್ ನೀರು. ಕೆಂಪು ಮುಕ್ಕಾಲು ಪಾಲು ಉಳಿಯುತ್ತದೆ, ಬಣ್ಣ ನಂಬಬಹುದು. ಎರಡು ಮೀಟರ್‌ನಲ್ಲಿರುವ ಮೀನಿಗೆ ನಾಲ್ಕು ಮೀಟರ್ ನೀರು, ಕೆಂಪು ಮೂರರಲ್ಲಿ ಒಂದು ಪಾಲು. ಅದೂ ಅಲ್ಲದೆ ದೂರ ಹೋದಂತೆ ಫ್ಲಾಶ್‌ನ ಬೆಳಕೇ ಹರಡಿ ತೆಳುವಾಗುತ್ತದೆ, ಕೊನೆಗೆ ಮೀನಿನ ಮೇಲೆ ಬೀಳುವುದು ಹೆಚ್ಚಾಗಿ ಸುತ್ತಲಿನ ನೀಲಿ ಬೆಳಕೇ. ಫೈಲ್‌ನಲ್ಲಿ ಫ್ಲಾಶ್ ಹೊಡೆದಿದೆ ಅಂತ ಬರೆದಿದ್ದರೂ ಬಣ್ಣ ತಪ್ಪಿರಬಹುದು. ಕೆಲವರು ಮಸೂರದ ಮುಂದೆ ಕೆಂಪು ಫಿಲ್ಟರ್ ಹಾಕುತ್ತಾರೆ. ಅದು ಕೆಂಪನ್ನು ಸೇರಿಸುವುದಿಲ್ಲ, ನೀಲಿ ಹಸಿರನ್ನು ತಡೆದು ಸಮ ಮಾಡುತ್ತದೆ ಅಷ್ಟೇ. ಕೆಂಪು ಸ್ವಲ್ಪ ಉಳಿದಿರುವ ಆಳದಲ್ಲಿ ಉಪಯೋಗ ಇದೆ. ಉಳಿದೇ ಇಲ್ಲದ ಕಡೆ ಫೋಟೋ ಕತ್ತಲಾಗುತ್ತದೆ.

ಈ ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ ದಿನಾಂಕ, ಜಾಗ, ಫೋಟೋ ಇರುವ ದಾಖಲೆಗೆ ಹೆಸರು ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಹೆಸರು ಒಪ್ಪಿದರೆ ಅದಕ್ಕೆ ಸಂಶೋಧನಾ ದರ್ಜೆ ಸಿಗುತ್ತದೆ. ಇಬ್ಬರೇ ಇದ್ದು ಇಬ್ಬರೂ ಒಪ್ಪಿದರೂ ಆಯಿತು. ಪರವಾನಗಿ ಕೊಟ್ಟಿದ್ದರೆ ಅಲ್ಲಿಂದ ಅದು ಜಿಬಿಐಎಫ್ ಅನ್ನುವ ಜಾಗತಿಕ ದಾಖಲೆಗೆ ಹೋಗುತ್ತದೆ. ಯಾವ ಮೀನು ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ತಿಳಿಯಲು ಸಂಶೋಧಕರು ಅದನ್ನು ಬಳಸುತ್ತಾರೆ. ಉಳಿದ ತಪ್ಪುಗಳಿಗಿಂತ ಈ ತಪ್ಪು ಕೆಟ್ಟದ್ದು ಅಂತ ನನಗೆ ಅನ್ನಿಸಲು ಒಂದು ಕಾರಣ ಇದೆ. ಸಾಮಾನ್ಯ ತಪ್ಪು ಎರಡೂ ಕಡೆಗೆ ಆಗುತ್ತದೆ, ದಾಖಲೆ ಜಾಸ್ತಿಯಾದಂತೆ ಅದರ ತೂಕ ಕಡಿಮೆಯಾಗುತ್ತದೆ. ಇದು ಆಳಕ್ಕೆ ಕಟ್ಟಿಕೊಂಡ ತಪ್ಪು. ತಿದ್ದದ ಫೋಟೋಗಳಲ್ಲಿ ಆಳ ಹೆಚ್ಚಿದಂತೆ ಮಿನಿಯಾಟಾ ಕಡಿಮೆಯಾಗಿ ಆರ್ಗಸ್ ಜಾಸ್ತಿಯಾದಂತೆ ಕಾಣುತ್ತದೆ. ಎರಡು ಮೀನುಗಳು ಆಳವನ್ನು ಹಂಚಿಕೊಂಡು ಬದುಕುತ್ತಿವೆ ಅಂತ ಯಾರಾದರೂ ಇದರಿಂದ ತೀರ್ಮಾನಿಸಿದರೆ, ಅವರು ಕಂಡುಹಿಡಿದದ್ದು ನೀರು ಕೆಂಪನ್ನು ನುಂಗುತ್ತದೆ ಅನ್ನುವುದನ್ನು ಮಾತ್ರ.

ಇಷ್ಟೂ ಹೇಳಿದ್ದು ಅಂಡಮಾನ್‌ನಂಥ ತಿಳಿನೀಲಿ ನೀರಿಗೆ. ನಮ್ಮ ಕಡೆಯವರು ಹೆಚ್ಚು ಹೋಗುವ ನೇತ್ರಾಣಿಯಲ್ಲಿ ಲೆಕ್ಕ ಬದಲಾಗುತ್ತದೆ. ಕರಾವಳಿಗೆ ಹತ್ತಿರದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಕೊಳೆತ ಎಲೆ ಕಸದಿಂದ ಕರಗಿ ಬಂದ ಹಳದಿ ಅಂಶ ಇರುತ್ತದೆ. ಇವೆರಡೂ ನೀಲಿ ಬೆಳಕನ್ನು ನುಂಗುತ್ತವೆ. ಕೆಂಪನ್ನು ನೀರೇ ನುಂಗಿತು, ನೀಲಿಯನ್ನು ಇವು ನುಂಗಿದವು, ಉಳಿದದ್ದು ಹಸಿರು. ಚನ್ನಗಿರಿ ಹತ್ತಿರದ ಸೂಳೆಕೆರೆಯಂಥ ಒಳನಾಡಿನ ಕೆರೆಯಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಮಣ್ಣು, ಪಾಚಿ ಜಾಸ್ತಿ ಇರುವಾಗ ಎಲ್ಲಕ್ಕಿಂತ ಮೊದಲು ಹೋಗುವುದು ನೀಲಿ. ಅಲ್ಲಿ ಒಂದೆರಡು ಮೀಟರ್ ಇಳಿದರೆ ನೀಲಿ ವಸ್ತು ಕಪ್ಪಾಗಿ, ಕೆಂಪು ವಸ್ತು ಇನ್ನೂ ಮಸುಕು ಕೆಂಪಾಗಿ ಕಂಡರೆ ಆಶ್ಚರ್ಯವಿಲ್ಲ. ಆದ್ದರಿಂದ "ಇಷ್ಟು ಆಳಕ್ಕೆ ಇಷ್ಟು ಕೆಂಪು ಸೇರಿಸಿ" ಅನ್ನುವ ಒಂದೇ ಪಟ್ಟಿ ಎಲ್ಲ ನೀರಿಗೂ ಹೊಂದುವುದಿಲ್ಲ.

ಹಸಿರು ನೀರಿನಲ್ಲಿ ನೀಲಿ ಚುಕ್ಕಿಯೇ ಮಸುಕಾಗುತ್ತದೆ. ಆಗ ಚುಕ್ಕಿ ಇರುವ ಮೀನು ಚುಕ್ಕಿ ಇಲ್ಲದ ಬೇರೊಂದು ಕಂದು ಗ್ರೂಪರ್ ಅನ್ನಿಸಿಕೊಳ್ಳುವ ಅಪಾಯ ಇದೆ. ನೇತ್ರಾಣಿಯ ಫೋಟೋಗಳಿಗೆ ನಾನು ಅನುಸರಿಸುವ ಕ್ರಮ ಹೀಗಿದೆ. ಅರ್ಧ ಮೀಟರ್ ಒಳಗಿನಿಂದ ಫ್ಲಾಶ್ ಅಥವಾ ಟಾರ್ಚ್ ಬಿದ್ದಿದ್ದರೆ ಬಣ್ಣವನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಬಾಲದ ಆಕಾರ, ಮುಳ್ಳಿನ ಲೆಕ್ಕ, ತಿಳಿ ಗಾಢದ ವಿನ್ಯಾಸ ಇಷ್ಟನ್ನೇ ನೋಡುತ್ತೇನೆ. ಇವು ಕುಲದ ತನಕ ಕರೆದೊಯ್ದು ಅಲ್ಲಿಗೇ ನಿಂತರೆ, ದಾಖಲೆಯಲ್ಲಿ ಸೆಫಲೋಫೋಲಿಸ್ ಅಂತ ಮಾತ್ರ ಬರೆಯಲು ಹೇಳುತ್ತೇನೆ. ಅದು ಅರ್ಧ ಕೆಲಸ ಅಲ್ಲ, ಫೋಟೋ ಹೇಳಬಲ್ಲದ್ದನ್ನು ಪೂರ್ತಿ ಬರೆದಂತೆ.

ಗೆಳೆಯರ ದಾಖಲೆ ಕೊನೆಗೆ ಮಿನಿಯಾಟಾ ಹೆಸರಿನಲ್ಲಿ ಹೋಯಿತು. ಸ್ಟುಡಿಯೋದಲ್ಲಿ ಕೆಂಪು ಮಾಡಿದ ಪ್ರತಿಯನ್ನು ಹಾಕಲಿಲ್ಲ. ತಿದ್ದದ ಮೂಲ ಫೋಟೋ ಮೊದಲು, ಟಾರ್ಚ್ ಬಿದ್ದ ಅಲುಗಿದ ಫೋಟೋ ಎರಡನೆಯದು. ಟಿಪ್ಪಣಿಯಲ್ಲಿ ಆಳ 18 ಮೀಟರ್, ದೂರ ಸುಮಾರು 2 ಮೀಟರ್, ಮೊದಲನೆಯದಕ್ಕೆ ಫ್ಲಾಶ್ ಇಲ್ಲ, ಎರಡನೆಯದಕ್ಕೆ ಗೈಡ್‌ನ ಟಾರ್ಚ್, ಎದೆಯ ಪಕ್ಕದ ರೆಕ್ಕೆ ಮೈಗಿಂತ ತಿಳಿ, ಎದೆಯ ಮೇಲೆ ತಿಳಿ ಮಚ್ಚೆ ಇಲ್ಲ ಅಂತ ಬರೆದರು.